ಸ್ವಂತ ಘಟಕವೋ, ಬೇರೆಯವರ ಕಾರ್ಖಾನೆಯೋ? ಸೌಂದರ್ಯವರ್ಧಕ ಬ್ರ್ಯಾಂಡಿಗೆ ಊರಿನ ಹೂಡಿಕೆದಾರರ ಮುಂದೆ ಇಡಬೇಕಾದ ಲೆಕ್ಕ

ಹುಬ್ಬಳ್ಳಿ-ಧಾರವಾಡ ಕಡೆ ಹೇರ್ ಆಯಿಲ್, ಸಾಬೂನು, ಫೇಸ್ ಪ್ಯಾಕ್ ಮಾಡಿ ಪರಿಚಯದವರಿಗೆ ಮಾರುತ್ತಾ, ಇದನ್ನೇ ಒಂದು ಬ್ರ್ಯಾಂಡ್ ಮಾಡೋಣ ಅಂದುಕೊಂಡವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಊರಲ್ಲೇ ಒಬ್ಬರು ದುಡ್ಡು ಹಾಕಲು ಒಪ್ಪುವ ಹಾಗಿದ್ದಾರೆ, ಅವರ ಮುಂದೆ ಏನು ಹೇಳಬೇಕು? ಪಿಪಿಟಿ ಬೇಕಾ, ಒಂದು ಹಾಳೆ ಸಾಕಾ? ಅದಕ್ಕಿಂತ ಮುಂಚೆ ಇನ್ನೊಂದು ಗೊಂದಲ ಇರುತ್ತದೆ. ಸ್ವಂತ ಘಟಕ ಹಾಕುತ್ತೇವೆ ಅನ್ನಬೇಕಾ, ಬೇರೆ ಕಾರ್ಖಾನೆಯಲ್ಲಿ ಮಾಡಿಸಿ ನಮ್ಮ ಹೆಸರಲ್ಲಿ ಮಾರುತ್ತೇವೆ ಅನ್ನಬೇಕಾ?

ನನ್ನ ಪ್ರಕಾರ ಮೊದಲು ತೀರ್ಮಾನ ಆಗಬೇಕಾದ್ದು ಈ ಎರಡನೆಯದು. ಮಾಲು ಎಲ್ಲಿ ತಯಾರಾಗುತ್ತದೆ ಅನ್ನೋದರ ಮೇಲೆ ಎಷ್ಟು ದುಡ್ಡು ಕೇಳಬೇಕು, ಅದು ಎಲ್ಲಿ ಹೋಗುತ್ತದೆ, ಯಾವಾಗ ತಿರುಗಿ ಬರುತ್ತದೆ ಎಲ್ಲಾ ನಿಂತಿದೆ. ಅದು ಗಟ್ಟಿಯಾದರೆ ಹಾಳೆ ತಾನಾಗೇ ತುಂಬುತ್ತದೆ. ಅದು ಗಟ್ಟಿಯಾಗದೆ ಹೋದರೆ ಇಪ್ಪತ್ತು ಸ್ಲೈಡ್ ಮಾಡಿದರೂ ಮೊದಲ ಪ್ರಶ್ನೆಗೇ ಮಾತು ನಿಂತುಹೋಗುತ್ತದೆ.

ಎದುರಿಗೆ ಕೂತವರು ಏನು ನೋಡುತ್ತಾರೆ

ನಮ್ಮ ಕಡೆ ಐದಾರು ಲಕ್ಷ ಹಾಕುವವರು ಅಂದರೆ ಸಾಮಾನ್ಯವಾಗಿ ಹೋಲ್‌ಸೇಲ್ ವ್ಯಾಪಾರಿ, ಔಷಧದ ಸ್ಟಾಕಿಸ್ಟ್, ಒಬ್ಬ ಡಾಕ್ಟರು, ಇಲ್ಲ ಸಣ್ಣ ಕಾರ್ಖಾನೆ ನಡೆಸುವ ಸಂಬಂಧಿಕರು. ಅವರು ಎಣ್ಣೆಗೆ ಯಾವ ಗಿಡಮೂಲಿಕೆ ಹಾಕಿದ್ದೀರಿ ಅಂತ ಬಹಳ ಹೊತ್ತು ಕೇಳೋದಿಲ್ಲ. ದುರ್ಗದ ಬೈಲ್ ಕಡೆಯ ವ್ಯಾಪಾರಿಯೊಬ್ಬರ ಕೈಗೆ ಬಾಟಲಿ ಕೊಟ್ಟು ನೋಡಿ. ಮುಚ್ಚಳ ತೆಗೆದು ಮೂಸುವುದಕ್ಕಿಂತ ಮುಂಚೆ ಬಾಟಲಿ ತಲೆಕೆಳಗು ಮಾಡಿ ಹೆಬ್ಬೆರಳಿಂದ ಮುಚ್ಚಳದ ಅಂಚು ಒರೆಸುತ್ತಾರೆ, ಸೋರುತ್ತದೆಯಾ ಅಂತ. ಆಮೇಲೆ ಕನ್ನಡಕ ಏರಿಸಿ ಲೇಬಲ್ಲಿನ ಸಣ್ಣ ಅಕ್ಷರ ಓದುತ್ತಾರೆ. ಅಲ್ಲಿ ತಯಾರಿಕಾ ಪರವಾನಗಿ ಸಂಖ್ಯೆ ಇಲ್ಲದಿದ್ದರೆ ಬಾಟಲಿ ಮೇಜಿನ ಮೇಲೆ ವಾಪಸ್ ಬಂದುಬಿಡುತ್ತದೆ. "ಎಣ್ಣಿ ಚಲೋನ ಇರಬೇಕವಾ, ಖರೇ. ಆದ್ರ ನನ್ನ ರೊಕ್ಕ ಎಲ್ಲಿ ಹೋಗಿ ಕುಂದರತೈತಿ, ಅದನ್ನ ಮೊದ್ಲ ಹೇಳು" ಅನ್ನುತ್ತಾರೆ.

ಈ ಒಂದು ಮಾತಿನಿಂದಲೇ ನಮ್ಮ ಅಳತೆಗೋಲುಗಳು ಹುಟ್ಟುತ್ತವೆ. ಒಂದು, ಒಟ್ಟು ಎಷ್ಟು ಬೇಕು. ಎರಡು, ತಿಂಗಳಿಗೆ ಎಷ್ಟು ಬಾಟಲಿ ಹೋದರೆ ಖರ್ಚು ಹುಟ್ಟುತ್ತದೆ. ಮೂರು, ಮಾರಾಟ ಆಗದಿದ್ದರೆ ದುಡ್ಡಿನ ಬದಲು ಕೈಯಲ್ಲಿ ಏನು ಉಳಿಯುತ್ತದೆ. ನಾಲ್ಕು, ಕಾನೂನಿನ ಹೊಣೆ ಯಾರ ಮೇಲೆ. ಮಾಲಿನ ಗುಣಮಟ್ಟ ಯಾರ ಕೈಯಲ್ಲಿ ಅನ್ನೋದನ್ನೂ ನಾಲ್ಕನೆಯದರ ಜೊತೆಗೇ ನೋಡೋಣ.

ಬೇರೆಯವರ ಕಾರ್ಖಾನೆಯಲ್ಲಿ ಮಾಡಿಸುವುದರಲ್ಲೇ ಎರಡು ಬಗೆ ಇವೆ, ಥರ್ಡ್ ಪಾರ್ಟಿ ಮತ್ತು ಲೋನ್ ಲೈಸೆನ್ಸ್. ಸ್ವಂತ ಘಟಕ ಸೇರಿಸಿದರೆ ಒಟ್ಟು ಮೂರು ದಾರಿ. ಪರವಾನಗಿಯ ವಿಷಯದಲ್ಲಿ ಮೂರೂ ದಾರಿಗೆ ಅನ್ವಯಿಸುವ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮಾರಾಟಕ್ಕೆ ಮಾಡುವ ಹೇರ್ ಆಯಿಲ್, ಕ್ರೀಮ್, ಸಾಬೂನಿಗೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳ ಪರವಾನಗಿ ಬೇಕು. ಮನೆಯಲ್ಲೇ ಮಾಡುತ್ತೇವೆ, ನ್ಯಾಚುರಲ್ ಅಂತ ಅಂದರೆ ವಿನಾಯಿತಿ ಸಿಗೋದಿಲ್ಲ. ಲೇಬಲ್ಲಿನ ಮೇಲೆ ಆಯುರ್ವೇದ ಔಷಧ ಅಂತ ಬರೆದರೆ ಅದಕ್ಕೆ ಆಯುಷ್ ಕಡೆಯ ಬೇರೆಯೇ ಪರವಾನಗಿ ಬೇಕು. "ಬೋಳು ತಲೆಯಲ್ಲಿ ಕೂದಲು ಬೆಳೆಸುತ್ತದೆ" ಅಂತ ಬರೆದರಂತೂ ಅದು ಸೌಂದರ್ಯವರ್ಧಕವಾಗಿ ಉಳಿಯೋದೇ ಇಲ್ಲ, ಔಷಧದ ಲೆಕ್ಕಕ್ಕೆ ಹೋಗುತ್ತದೆ. ಹಾಳೆಯಲ್ಲಿ ಇಂಥ ಸಾಲು ಕಂಡರೆ ಔಷಧ ವ್ಯಾಪಾರ ಮಾಡುವ ಹೂಡಿಕೆದಾರರು ಅಲ್ಲೇ ಹಿಂದೆ ಸರಿಯುತ್ತಾರೆ. ಸರಿಯಬೇಕಾದ್ದೇ.

ಒಂದು ಬಾಟಲಿಯ ಲೆಕ್ಕ

ಹೋಲಿಸಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಧಾರವಾಡದಲ್ಲಿ 100 ಮಿಲಿ ಹೇರ್ ಆಯಿಲ್ ಬ್ರ್ಯಾಂಡ್, ಎಂಆರ್‌ಪಿ 199 ರೂಪಾಯಿ. ಕೆಳಗಿನ ಖರ್ಚುಗಳು ಉದಾಹರಣೆಗಾಗಿ ಹಾಕಿದ ಅಂದಾಜು. ನೀವು ನಿಮ್ಮ ಕೊಟೇಶನ್ನಿನ ಅಂಕಿ ಹಾಕಿಕೊಳ್ಳಿ, ಲೆಕ್ಕದ ದಾರಿ ಮಾತ್ರ ಇದೇ.

199ರಲ್ಲಿ ಅಂಗಡಿಯವರಿಗೆ ಶೇ. 20 ಬಿಟ್ಟರೆ ಅವರು ಕೊಳ್ಳುವ ಬೆಲೆ 159. ಡಿಸ್ಟ್ರಿಬ್ಯೂಟರ್ ಅದರ ಮೇಲೆ ಶೇ. 8 ಇಟ್ಟುಕೊಂಡರೆ ಅವರಿಗೆ ನೀವು ಕೊಡುವ ಬೆಲೆ ಸುಮಾರು 147. ಇದರಲ್ಲಿ ಜಿಎಸ್‌ಟಿ ಸೇರಿದೆ. 2025ರ ಸೆಪ್ಟೆಂಬರ್ 22ರಿಂದ ಹೇರ್ ಆಯಿಲ್ ಮೇಲಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿದಿದೆ, ಹಾಗಾಗಿ ತೆರಿಗೆ ತೆಗೆದರೆ ನಿಮಗೆ 140 ಉಳಿಯುತ್ತದೆ. ಶಾಂಪೂ, ಸಾಬೂನಿನ ಬಿಲ್ಲೆಗೂ ಈಗ ಶೇ. 5. ಆದರೆ ಫೇಸ್ ಕ್ರೀಮ್, ಲಿಪ್‌ಸ್ಟಿಕ್ ಶೇ. 18ರಲ್ಲೇ ಇವೆ. ಎಣ್ಣೆಯ ಜೊತೆ ಕ್ರೀಮೂ ಮಾಡುತ್ತೇವೆ ಅನ್ನುವವರು ಎರಡಕ್ಕೂ ಒಂದೇ ಲೆಕ್ಕ ಹಾಕಬೇಡಿ.

ಹೊಸ ಬ್ರ್ಯಾಂಡನ್ನು ಅಂಗಡಿಯವರು ಸುಮ್ನೆ ಇಟ್ಟುಕೊಳ್ಳೋದಿಲ್ಲ. ಹತ್ತಕ್ಕೆ ಒಂದು ಫ್ರೀ ಅನ್ನುವ ಸ್ಕೀಮ್ ಕೇಳುತ್ತಾರೆ. ಹತ್ತರ ದುಡ್ಡಿಗೆ ಹನ್ನೊಂದು ಬಾಟಲಿ ಕೊಟ್ಟರೆ ನಿಮ್ಮ ಕೈಗೆ ಬರೋದು 140 ಅಲ್ಲ, 127. ಸಾಗಾಟಕ್ಕೆ 5, ಒಡೆದದ್ದು, ಸೋರಿದ್ದು, ವಾಪಸ್ ಬಂದದ್ದಕ್ಕೆ 3 ರೂಪಾಯಿ ತೆಗೆದರೆ 119. ಬಾಟಲಿ ತಯಾರಾಗುವ ಖರ್ಚನ್ನು ಈ 119ರಿಂದ ಕಳೆಯಬೇಕು, 199ರಿಂದ ಅಲ್ಲ. ನಾನು ನೋಡಿದ ಹಾಳೆಗಳಲ್ಲಿ ಜಾಸ್ತಿ ತಪ್ಪುವುದು ಇಲ್ಲೇ. ತಯಾರಿಕೆಗೆ 62, ಮಾರುವುದು 199, ಲಾಭ 137 ಅಂತ ಬರೆದಿರುತ್ತಾರೆ. ಜೀವನವಿಡೀ ಡೀಲರ್ ಮಾರ್ಜಿನ್ ನೋಡಿದವರಿಗೆ ಆ ಸಾಲು ಓದಿದ ಮೇಲೆ ಮುಂದೆ ಓದುವ ಮನಸ್ಸು ಇರೋದಿಲ್ಲ.

ಮಾರಾಟಕ್ಕೆ ತಿಂಗಳ ಖರ್ಚು ಮೂರೂ ದಾರಿಯಲ್ಲಿ ಇದ್ದದ್ದೇ. ಅಂಗಡಿ ಸುತ್ತುವ ಹುಡುಗನಿಗೆ 15,000, ಪೆಟ್ರೋಲಿಗೆ 5,000, ಫೋನು, ಲೆಕ್ಕದವರು, ಮಾಲು ಇಡುವ ಜಾಗಕ್ಕೆ 5,000. ಒಟ್ಟು 25,000.

ದಾರಿ ಒಂದು: ಥರ್ಡ್ ಪಾರ್ಟಿಯಲ್ಲಿ ಮಾಡಿಸುವುದು

ಪರವಾನಗಿ ಇರುವ ಕಾರ್ಖಾನೆ ಎಣ್ಣೆ ಮಾಡಿ, ತುಂಬಿ, ನಿಮ್ಮ ಲೇಬಲ್ ಹಚ್ಚಿ ಕೊಡುತ್ತದೆ. ಲೇಬಲ್ಲಿನಲ್ಲಿ ತಯಾರಕರು ಅಂತ ಅವರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ ಇರುತ್ತದೆ. ಮಾರಾಟಗಾರರು ಅಂತ ನಿಮ್ಮ ಹೆಸರು. ಬಾಟಲಿಗೆ ಎಲ್ಲಾ ಸೇರಿ 62 ಅಂದುಕೊಳ್ಳೋಣ. 119ರಲ್ಲಿ 62 ಹೋದರೆ 57 ಉಳಿಯಿತು. 25,000ವನ್ನು 57ರಿಂದ ಭಾಗಿಸಿದರೆ ತಿಂಗಳಿಗೆ 439 ಬಾಟಲಿ. ಅಷ್ಟು ಹೋದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನಿಮ್ಮ ಸಂಬಳ ಇನ್ನೂ ಇದರಲ್ಲಿ ಸೇರಿಲ್ಲ.

ಈ 439 ಅನ್ನುವುದನ್ನು ಹಾಗೇ ಬಿಡಬೇಡಿ, ಅಂಗಡಿಗೆ ಇಳಿಸಿ. ಒಂದು ಅಂಗಡಿಯಲ್ಲಿ ತಿಂಗಳಿಗೆ ಆರು ಬಾಟಲಿ ಹೋಗುತ್ತದೆ ಅಂದರೆ 74 ಅಂಗಡಿ ಬೇಕು. ಧಾರವಾಡದ ಸುಭಾಸ ರಸ್ತೆ, ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆ, ಗದಗ, ಹಾವೇರಿ ಸೇರಿಸಿ 74 ಅಂಗಡಿ ಒಬ್ಬ ಹುಡುಗ ಸುತ್ತಬಹುದಾ? ಸುತ್ತಬಹುದು. ಹೂಡಿಕೆದಾರರೂ ತಲೆಯಲ್ಲಿ ಇದೇ ಲೆಕ್ಕ ಹಾಕುತ್ತಾರೆ. ನೀವೇ ಮೊದಲು ಹೇಳಿದರೆ ಮಾತು ಹಗುರ ಆಗುತ್ತದೆ.

ಕೇಳಬೇಕಾದ ದುಡ್ಡು 6 ಲಕ್ಷ. 3,000 ಬಾಟಲಿಗೆ 1,86,000. ಟ್ರೇಡ್‌ಮಾರ್ಕ್, ಲೇಬಲ್ ವಿನ್ಯಾಸ, ಲ್ಯಾಬ್ ಪರೀಕ್ಷೆಗೆ 60,000. ಹುಡುಗನ ಆರು ತಿಂಗಳ ಸಂಬಳ, ಪೆಟ್ರೋಲು 1,20,000. ಸ್ಯಾಂಪಲ್ ಬಾಟಲಿ, ಅಂಗಡಿಯ ಸ್ಟ್ಯಾಂಡ್ 40,000. ಉದ್ರಿಯಲ್ಲಿ ಸಿಕ್ಕಿಕೊಳ್ಳುವ ದುಡ್ಡು 1,00,000. ಕೈಯಲ್ಲಿ ಇಟ್ಟುಕೊಳ್ಳುವುದು 94,000. ಫೋನು, ಲೆಕ್ಕದವರ ಖರ್ಚು ಈ ಕೊನೆಯದರಿಂದಲೇ ಹೋಗಬೇಕು. ಉದ್ರಿಯ ಸಾಲು ಬಹಳ ಜನ ಮರೆಯುತ್ತಾರೆ. ತಿಂಗಳಿಗೆ 400 ಬಾಟಲಿ ಹೋಗಿ, ದುಡ್ಡು 45 ದಿನಕ್ಕೆ ಬಂದರೆ ಯಾವಾಗಲೂ ಸುಮಾರು 80,000 ಮಾರುಕಟ್ಟೆಯಲ್ಲೇ ಇರುತ್ತದೆ. ಕಾರ್ಖಾನೆಯವರು ಮಾತ್ರ ಸಾಮಾನ್ಯವಾಗಿ ಅರ್ಧ ಮುಂಗಡ, ಉಳಿದದ್ದು ಮಾಲು ಹೊರಡುವ ಮುಂಚೆ ಅನ್ನುತ್ತಾರೆ.

ಮಾರಾಟ ಆಗದಿದ್ದರೆ ಉಳಿಯುವುದು ಬಾಟಲಿಗಳು ಮಾತ್ರ. ಅವುಗಳ ಮೇಲೆ ಬಳಕೆಯ ಕೊನೆ ದಿನಾಂಕ ಇದೆ. ಆರು ತಿಂಗಳು ಮಾತ್ರ ಉಳಿದ ಮಾಲನ್ನು ಅಂಗಡಿಯವರು ಮುಟ್ಟೋದು ಕಷ್ಟ. ಹಾಗಾಗಿ ಈ ದಾರಿಯಲ್ಲಿ ದುಡ್ಡು ಬೇಗ ತಿರುಗುತ್ತದೆ, ಆದರೆ ಮುಳುಗಿದರೆ ಪೂರ್ತಿ ಮುಳುಗುತ್ತದೆ.

ಇನ್ನೊಂದು ಕೊರತೆ ಫಾರ್ಮುಲಾದ್ದು. ಬಹಳ ಕಡೆ ಕಾರ್ಖಾನೆಯವರ ಬಳಿ ಸಿದ್ಧ ಎಣ್ಣೆ ಇರುತ್ತದೆ, ಅದಕ್ಕೆ ಸುವಾಸನೆ ಬದಲಿಸಿ ಕೊಡುತ್ತಾರೆ. ಅದೇ ಎಣ್ಣೆ ಇನ್ನೊಬ್ಬರ ಬಾಟಲಿಯಲ್ಲೂ ಇರಬಹುದು. "ನಾಳಿ ಅವ್ರು ಬ್ಯಾರೆದವ್ರಿಗೂ ಇದನ್ನ ಕೊಟ್ರ?" ಅಂತ ಕೇಳಿಯೇ ಕೇಳುತ್ತಾರೆ. ನಿಮ್ಮದೇ ಫಾರ್ಮುಲಾ ಆದರೆ ಅದನ್ನು ಬೇರೆಯವರಿಗೆ ಮಾಡಿಕೊಡಬಾರದು ಅನ್ನುವ ಒಪ್ಪಂದ ಇರಲಿ. ಅವರದೇ ಆದರೆ ಹಾಗಂತ ಒಪ್ಪಿಕೊಂಡು, ನಮ್ಮ ಬಲ ಮಾರಾಟದಲ್ಲಿ ಅನ್ನಿ.

ದಾರಿ ಎರಡು: ಲೋನ್ ಲೈಸೆನ್ಸ್

ಹೆಸರು ಕೇಳಿ ಬ್ಯಾಂಕ್ ಸಾಲ ಅಂದುಕೊಳ್ಳಬೇಡಿ. ನಿಮಗೆ ಸ್ವಂತ ಕಾರ್ಖಾನೆ ಇಲ್ಲ, ಪರವಾನಗಿ ಇರುವ ಬೇರೆಯವರ ಕಾರ್ಖಾನೆಯ ಜಾಗ, ಯಂತ್ರ ಬಳಸಿಕೊಂಡು ನಿಮ್ಮ ಹೆಸರಲ್ಲೇ ತಯಾರಿಸಲು ಸಿಗುವ ಪರವಾನಗಿ ಇದು. ನಮೂನೆ ಸಿಒಎಸ್-9ರಲ್ಲಿ ಬರುತ್ತದೆ. ವಾಡಿಕೆಯಲ್ಲಿ ಎಣ್ಣೆ, ಮೂಲಿಕೆ, ಬಾಟಲಿ, ಲೇಬಲ್ ಎಲ್ಲಾ ನೀವು ಕೊಂಡು ಕೊಡುತ್ತೀರಿ, ಅವರಿಗೆ ಮಾಡಿದ ಕೂಲಿ ಕೊಡುತ್ತೀರಿ. ಸಾಮಗ್ರಿ 46, ಕೂಲಿ 8 ಅಂದರೆ 54. ಬಾಟಲಿಗೆ 65 ಉಳಿಯಿತು. ಸಾಮಗ್ರಿ ತರಿಸುವುದು, ಬ್ಯಾಚ್ ಬ್ಯಾಚಿಗೂ ಪರೀಕ್ಷೆ, ಓಡಾಟಕ್ಕೆ ತಿಂಗಳಿಗೆ ಇನ್ನೊಂದು 4,000 ಸೇರಿಸಿದರೆ 29,000. ಖರ್ಚು ಹುಟ್ಟಲು 447 ಬಾಟಲಿ.

ಮೊದಲ ದಾರಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಕಾಣೋದಿಲ್ಲ, ಅಲ್ವಾ? ತಿಂಗಳಿಗೆ 500 ದಾಟಿದ ಮೇಲೆ ಇದರಲ್ಲೇ ಲಾಭ ಜಾಸ್ತಿ. ಆದರೆ ಈ ಲೆಕ್ಕದಲ್ಲಿ ಕಾಣದ ಎರಡು ಸಂಗತಿ ಇವೆ. ಬಾಟಲಿ ಮಾರುವವರು, ಲೇಬಲ್ ಮುದ್ರಿಸುವವರು ಸಾವಿರಗಟ್ಟಲೆ ತಗೊಂಡರೆ ಮಾತ್ರ ಒಳ್ಳೆ ದರ ಕೊಡುತ್ತಾರೆ. ಹಾಗಾಗಿ ಎಣ್ಣೆ ತುಂಬುವ ಮುಂಚೆಯೇ ಖಾಲಿ ಬಾಟಲಿಯಲ್ಲಿ ದುಡ್ಡು ಕೂರುತ್ತದೆ. ಎರಡನೆಯದು ಜಿಎಸ್‌ಟಿ. ಪ್ಲಾಸ್ಟಿಕ್ ಬಾಟಲಿ ಕೊಳ್ಳುವಾಗ ಶೇ. 18 ಕಟ್ಟುತ್ತೀರಿ, ಎಣ್ಣೆ ಮಾರುವಾಗ ಶೇ. 5 ಮಾತ್ರ ವಸೂಲಾಗುತ್ತದೆ. ಹೆಚ್ಚಾಗಿ ಕಟ್ಟಿದ್ದು ಕ್ರೆಡಿಟ್ ಆಗಿ ಉಳಿದುಕೊಳ್ಳಬಹುದು. ಕೊಂಡ ಮಾಲಿನ ಮೇಲಿನದಕ್ಕೆ ರೀಫಂಡ್ ಕೇಳಬಹುದು. ಜಾಹೀರಾತು, ಕೂಲಿಯಂಥ ಸೇವೆಯ ಮೇಲೆ ಕಟ್ಟಿದ್ದು ಆ ರೀಫಂಡಿನ ಲೆಕ್ಕಕ್ಕೆ ಬರೋದಿಲ್ಲ. ಥರ್ಡ್ ಪಾರ್ಟಿಯಲ್ಲಿ ಬಾಟಲಿಯ ಈ ತಲೆನೋವು ಕಾರ್ಖಾನೆಯವರದು, ಇಲ್ಲಿ ನಿಮ್ಮದು.

ಅಷ್ಟಾದರೂ ಈ ದಾರಿ ಯಾರಿಗೆ? ಫಾರ್ಮುಲಾ ನಿಜಕ್ಕೂ ನಿಮ್ಮದೇ ಆಗಿದ್ದು, ಅದರಿಂದಲೇ ಗಿರಾಕಿ ತಿರುಗಿ ಬರುತ್ತಿದ್ದರೆ. ಎದುರಿಗಿರುವವರು ಡಾಕ್ಟರೋ ಔಷಧ ಸ್ಟಾಕಿಸ್ಟೋ ಆಗಿದ್ದರೆ ಅವರಿಗೆ ಈ ಪದ್ಧತಿ ಹೊಸದಲ್ಲ, ಔಷಧದಲ್ಲೂ ಇದೆ. ಪರವಾನಗಿ ನಿಮ್ಮ ಹೆಸರಲ್ಲಿ ಇರುವುದರಿಂದ ಮಾಲಿನಲ್ಲಿ ಏನಾದರೂ ಕೆಟ್ಟರೆ ಹೊಣೆಯೂ ನಿಮ್ಮದೇ. ಅದನ್ನು ಅವರೇ ಕೇಳುವವರೆಗೆ ಕಾಯದೆ ಹೇಳಿಬಿಡಿ.

ದಾರಿ ಮೂರು: ಸ್ವಂತ ಘಟಕ

ಎಲ್ಲರ ಆಸೆ ಇದೇ. ತಾರಿಹಾಳ ಕಡೆಯೋ ಬೇಲೂರು ಕೈಗಾರಿಕಾ ಪ್ರದೇಶದ ಕಡೆಯೋ ಒಂದು ಸಣ್ಣ ಶೆಡ್, ಬಾಗಿಲ ಮೇಲೆ ನಮ್ಮ ಬೋರ್ಡ್. ನಮೂನೆ ಸಿಒಎಸ್-8ರ ಪರವಾನಗಿ ಬೇಕು. ಜಾಗ, ನೀರು, ಗೋಡೆ-ನೆಲ, ಯಂತ್ರ ನಿಯಮದ ಪ್ರಕಾರ ಇರಬೇಕು. ತಯಾರಿಕೆ ನೋಡಿಕೊಳ್ಳಲು ಡಿ.ಫಾರ್ಮಾ ಆದವರು ಅಥವಾ ಕನಿಷ್ಠ ಪಿಯುಸಿ ಮಟ್ಟದಲ್ಲಿ ರಸಾಯನಶಾಸ್ತ್ರ ಓದಿದ ಪೂರ್ಣಾವಧಿ ನೌಕರರು ಇರಬೇಕು.

ಅಂದಾಜು ಹೀಗೆ. ಶೆಡ್ ಸರಿಮಾಡಲು 2.5 ಲಕ್ಷ, ಕಾಯಿಸುವ ಪಾತ್ರೆ, ಸೋಸುವ ಮತ್ತು ತುಂಬುವ ಯಂತ್ರಕ್ಕೆ 4.5 ಲಕ್ಷ, ಪರವಾನಗಿ ಮತ್ತು ಪರೀಕ್ಷೆಗೆ 75,000, ಮೊದಲ ಸಾಮಗ್ರಿಗೆ 2.25 ಲಕ್ಷ. ತಿಂಗಳಿಗೆ ಬಾಡಿಗೆ 10,000, ಕೆಮಿಸ್ಟ್ 18,000, ಸಹಾಯಕರು 14,000, ಕರೆಂಟು 3,000, ಒಟ್ಟು 45,000. ಆರು ತಿಂಗಳಿಗೆ 2.7 ಲಕ್ಷ. ಇದರ ಮೇಲೆ ಮೊದಲ ದಾರಿಯಲ್ಲಿ ಬಂದ ಟ್ರೇಡ್‌ಮಾರ್ಕ್-ಲೇಬಲ್-ಲ್ಯಾಬ್ ಖರ್ಚು, ಮಾರಾಟದ ಖರ್ಚು, ಉದ್ರಿ, ಕೈಯಲ್ಲಿ ಇಟ್ಟುಕೊಳ್ಳುವ ದುಡ್ಡು ಸೇರಿ 4.14 ಲಕ್ಷ. ಕೂಡಿದರೆ ಸುಮಾರು 17 ಲಕ್ಷ.

ಬಾಟಲಿಗೆ ಸಾಮಗ್ರಿ 44 ಮಾತ್ರ, ಹಾಗಾಗಿ 75 ಉಳಿಯುತ್ತದೆ. ಆದರೆ ತಿಂಗಳ ಖರ್ಚು 70,000. ಭಾಗಿಸಿ ನೋಡಿ, 934 ಬಾಟಲಿ. ಮೊದಲ ದಾರಿಯ ಎರಡು ಪಟ್ಟಿಗಿಂತ ಜಾಸ್ತಿ. ಸ್ವಂತ ಘಟಕ ಯಾವಾಗ ಥರ್ಡ್ ಪಾರ್ಟಿಗಿಂತ ಲಾಭ ಅಂತ ನೋಡಿದರೆ, ಬಾಟಲಿಗೆ 18 ರೂಪಾಯಿ ಉಳಿತಾಯದಲ್ಲಿ 45,000ದ ಖರ್ಚು ಹುಟ್ಟಬೇಕು. ಅಂದರೆ ತಿಂಗಳಿಗೆ 2,500 ಬಾಟಲಿ. ಅದರ ಕೆಳಗೆ ಇರುವವರೆಗೂ ಸ್ವಂತ ಘಟಕ ಅನ್ನುವುದು ಶೋಕಿ ಅಂತಲೇ ನನ್ನ ಅಭಿಪ್ರಾಯ. ಯಂತ್ರಕ್ಕೆ ಹಾಕಿದ ದುಡ್ಡಿನ ಬಡ್ಡಿ, ಸವಕಳಿ ಇನ್ನೂ ಸೇರಿಸಿಲ್ಲ. ಪರವಾನಗಿ ಕೈಗೆ ಬರುವವರೆಗೆ ಒಂದೂ ಬಾಟಲಿ ಮಾರುವಂತಿಲ್ಲ, ಬಾಡಿಗೆ ಮಾತ್ರ ಓಡುತ್ತಿರುತ್ತದೆ.

ಇದರ ಒಳ್ಳೆಯದೇನು ಅಂದರೆ, ಮುಳುಗಿದರೂ ಯಂತ್ರ ಉಳಿಯುತ್ತದೆ. ಅರ್ಧ ಬೆಲೆಗಾದರೂ ಹೋಗುತ್ತದೆ. ಕಾರ್ಖಾನೆ ನಡೆಸುವವರು ಈ ಕಾರಣಕ್ಕೇ ಇದನ್ನು ಇಷ್ಟಪಡುತ್ತಾರೆ, ಕಣ್ಣಿಗೆ ಕಾಣುವ ಆಸ್ತಿ ಅವರಿಗೆ ಧೈರ್ಯ ಕೊಡುತ್ತದೆ. ಜೊತೆಗೆ ತಯಾರಿಕಾ ಘಟಕಕ್ಕೆ ಬ್ಯಾಂಕ್ ಸಾಲ, ಸಬ್ಸಿಡಿಯ ಬಾಗಿಲು ತೆರೆದಿರುತ್ತದೆ. ಮುದ್ರಾ ಸಾಲ ಇದೆ. ಪಿಎಂಇಜಿಪಿಯಂಥ ಯೋಜನೆಯಲ್ಲಿ ಮಹಿಳೆಯರಿಗೆ ನಗರದಲ್ಲಿ ಶೇ. 25, ಹಳ್ಳಿಯಲ್ಲಿ ಶೇ. 35ರ ಸಬ್ಸಿಡಿ ನಿಗದಿಯಾಗಿತ್ತು. ಸದ್ಯ ಅರ್ಜಿ ತಗೊಳ್ಳುತ್ತಿದ್ದಾರಾ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಸ್ವಂತ ಘಟಕವೇ ಬೇಕು ಅನ್ನುವವರು 17 ಲಕ್ಷವನ್ನೂ ಒಬ್ಬರ ಹತ್ತಿರ ಕೇಳಬೇಡಿ. ಯಂತ್ರಕ್ಕೆ ಬ್ಯಾಂಕು, ಮಾಲು-ಉದ್ರಿಗೆ ಹೂಡಿಕೆದಾರರು ಅಂತ ಹಾಳೆಯಲ್ಲಿ ಎರಡು ಭಾಗ ಮಾಡಿ.

ಸಾಲವಾ, ಪಾಲಾ

ದಾರಿ ಆರಿಸಿದ ಮೇಲೆ ಬರುವ ಪ್ರಶ್ನೆ: "ನನಗೇನು ಕೊಡ್ತಿ?" ಮೊದಲ ದಾರಿಯ 6 ಲಕ್ಷವನ್ನೇ ಇಟ್ಟುಕೊಂಡು ನೋಡೋಣ.

ಶೇ. 20 ಪಾಲು ಕೊಡುತ್ತೇನೆ ಅಂದರೆ ಇಡೀ ವ್ಯಾಪಾರಕ್ಕೆ 30 ಲಕ್ಷ ಬೆಲೆ ಕಟ್ಟಿದ ಹಾಗಾಯಿತು. ತಿಂಗಳಿಗೆ 900 ಬಾಟಲಿ ಹೋದರೆ 439ರ ಮೇಲಿನ 461 ಬಾಟಲಿಯಿಂದ 26,277 ರೂಪಾಯಿ, ವರ್ಷಕ್ಕೆ ಸುಮಾರು 3.15 ಲಕ್ಷ. ಅದರಲ್ಲಿ ಶೇ. 20 ಅಂದರೆ 63,000. ಹಾಕಿದ 6 ಲಕ್ಷಕ್ಕೆ ವರ್ಷಕ್ಕೆ ಶೇ. 10.5. ಅದೂ 900 ಬಾಟಲಿ ಹೋದರೆ, ನೀವು ಸಂಬಳ ತಗೊಳ್ಳದಿದ್ದರೆ. ಇಷ್ಟು ಅಪಾಯಕ್ಕೆ ಇದು ಕಡಿಮೆಯೇ. ಶೇ. 30-35 ಕೇಳಿದರೆ ಸಿಟ್ಟಾಗಬೇಡಿ, ಅವರ ಲೆಕ್ಕ ತಪ್ಪಲ್ಲ.

ಶೇ. 12 ಬಡ್ಡಿಗೆ ಸಾಲ ಅಂದರೆ ತಿಂಗಳಿಗೆ 6,000. ಅದನ್ನು ಹುಟ್ಟಿಸಲು ಇನ್ನೂ 106 ಬಾಟಲಿ ಮಾರಬೇಕು, 439 ಹೋಗಿ 545 ಆಗುತ್ತದೆ. ಅದೂ ಮೊದಲ ತಿಂಗಳಿಂದಲೇ, ಅಸಲು ಬೇರೆ. ಪಾಲು ಕೊಟ್ಟರೆ ಮಾರಾಟ ಇಲ್ಲದ ತಿಂಗಳು ಯಾರೂ ಬಾಗಿಲು ಬಡಿಯೋದಿಲ್ಲ. ಸಾಲವಾದರೆ ಬ್ರ್ಯಾಂಡ್ ಬೆಳೆದಾಗ ಪೂರ್ತಿ ನಿಮ್ಮದೇ. ಈಗಾಗಲೇ ತಿಂಗಳಿಗೆ ಮುನ್ನೂರು-ನಾನೂರು ಬಾಟಲಿ ಹೋಗುತ್ತಿದ್ದರೆ ನಾನು ಸಾಲವನ್ನೇ ಆರಿಸುತ್ತೇನೆ. ಮಾರಾಟ ಇನ್ನೂ ಶುರುವೇ ಆಗಿಲ್ಲ ಅಂದರೆ ಪಾಲು. ಸಾಲವಾದರೆ ಮೊದಲ ಆರು ತಿಂಗಳು ಬಡ್ಡಿ ಮಾತ್ರ, ಆಮೇಲೆ ಅಸಲು ಅಂತ ಮಾತಾಡಿ ನೋಡಿ, ವ್ಯಾಪಾರಿಗಳಿಗೆ ಇದು ಹೊಸದಲ್ಲ. 20,000 ಮತ್ತು ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಲ್ಲಿ ತಗೊಳ್ಳುವಂತಿಲ್ಲ, ಆದಾಯ ತೆರಿಗೆಯ ಕಾನೂನು ಬಿಡೋದಿಲ್ಲ. ಬ್ಯಾಂಕಿನ ಮೂಲಕವೇ ಬರಲಿ.

ಪಾಲಾದರೆ ಸಂಸ್ಥೆಯ ರೂಪ ನೋಡಿಕೊಳ್ಳಿ. ಸಾದಾ ಪಾಲುದಾರಿಕೆಯಲ್ಲಿ ಸಂಸ್ಥೆಯ ಸಾಲಕ್ಕೆ ಪ್ರತಿ ಪಾಲುದಾರರೂ ತಮ್ಮ ಸ್ವಂತ ಆಸ್ತಿಯಿಂದಲೂ ಹೊಣೆ. 6 ಲಕ್ಷ ಹಾಕಿದವರಿಗೆ ತಿಳಿದರೆ ಹೆದರುತ್ತಾರೆ, ತಿಳಿಸದೆ ಇರುವುದು ಸರಿಯಲ್ಲ. ಎಲ್‌ಎಲ್‌ಪಿ ಅನ್ನುವ ಸೀಮಿತ ಹೊಣೆಯ ಪಾಲುದಾರಿಕೆಯಲ್ಲಿ ಹೊಣೆ ಹಾಕಿದ ದುಡ್ಡಿಗೆ ಸೀಮಿತ. ಪ್ರೈವೇಟ್ ಲಿಮಿಟೆಡ್ ಮಾಡಿದರೆ ಷೇರು ಕೊಡೋದು ಸುಲಭ. ಆದರೆ ನಿರ್ದೇಶಕರೂ ಅಲ್ಲದ, ಸಂಬಂಧಿಕರೂ ಅಲ್ಲದ ಹೊರಗಿನವರಿಂದ ಕಂಪನಿ ಸಾಲ ತಗೊಂಡರೆ ಅದು ಠೇವಣಿಯ ನಿಯಮಕ್ಕೆ ಸಿಕ್ಕಿಕೊಳ್ಳುತ್ತದೆ. ಸಾಲ ತಗೊಳ್ಳುವ ಯೋಚನೆ ಇದ್ದರೆ ಅವಸರದಲ್ಲಿ ಕಂಪನಿ ಮಾಡಬೇಡಿ.

ಹಾಳೆ

ಊರಿನ ಹೂಡಿಕೆದಾರರಿಗೆ ಒಂದು ಎ4 ಹಾಳೆ, ಎರಡೂ ಬದಿ, ಕನ್ನಡದಲ್ಲಿ. ಇನ್‌ಕ್ಯುಬೇಟರಿಗೋ ಬೆಂಗಳೂರಿನ ಹೂಡಿಕೆದಾರರ ಗುಂಪಿಗೋ ಹೋಗುವುದಾದರೆ ಸ್ಲೈಡ್ ಮಾಡಿಕೊಳ್ಳಿ, ಅಲ್ಲಿ ಕೇಳುತ್ತಾರೆ. ಇಲ್ಲಿ ಅಂಗಡಿಯ ಗಲ್ಲೆಯ ಮೇಲೆ ಲ್ಯಾಪ್‌ಟಾಪ್ ತೆರೆಯಲು ಜಾಗವೂ ಇರೋದಿಲ್ಲ.

ಮೊದಲ ಸಾಲು ದುಡ್ಡಿನದೇ ಇರಲಿ. "ಕಾಕಾ, 6 ಲಕ್ಷ ಬೇಕು. ಅದರಾಗ 1.86 ಲಕ್ಷ ಮಾಲಿನಾಗ ಇರತೈತಿ, 1 ಲಕ್ಷ ಉದ್ರಿಯಾಗ, 94 ಸಾವಿರ ಬ್ಯಾಂಕಿನಾಗ. ಉಳಿದ 2.2 ಲಕ್ಷ ಖರ್ಚಾಗಿ ಹೋಗತೈತಿ, ಅದು ತಿರುಗಿ ಬರೂದು ಮಾರಾಟದಿಂದನ." ಹೀಗೆ ನೇರವಾಗಿ ಹೇಳಿದರೆ ಅವರು ಮುಂದಿನ ಪ್ರಶ್ನೆ ಕೇಳುತ್ತಾರೆ. ಆಮೇಲೆ ಒಂದು ಬಾಟಲಿಯ ಲೆಕ್ಕ, 199ರಿಂದ 57ರವರೆಗೆ ಒಂದೊಂದೇ ಮೆಟ್ಟಿಲು. ಆಮೇಲೆ 439 ಬಾಟಲಿ, 74 ಅಂಗಡಿ. ಹಾಳೆಯ ಹಿಂಬದಿಗೆ ಈಗಾಗಲೇ ಮಾಲು ಇಡಲು ಒಪ್ಪಿದ ಅಂಗಡಿಗಳ ಪಟ್ಟಿ. ಹನ್ನೆರಡೇ ಇದ್ದರೆ ಹನ್ನೆರಡೇ ಬರೆಯಿರಿ. ಅವರು ಅದರಲ್ಲಿ ಎರಡು ಅಂಗಡಿಗೆ ಫೋನ್ ಮಾಡುತ್ತಾರೆ ಅಂತಲೇ ತಿಳಿದುಕೊಳ್ಳಿ.

ಜೊತೆಗೆ ಕೊಂಡೊಯ್ಯಬೇಕಾದ್ದು ಕಾರ್ಖಾನೆಯ ಕೊಟೇಶನ್, ಅವರ ಪರವಾನಗಿಯ ಪ್ರತಿ, ಲೇಬಲ್ಲಿನ ಕರಡು, ಟ್ರೇಡ್‌ಮಾರ್ಕ್ ಅರ್ಜಿಯ ರಸೀದಿ. ಸೌಂದರ್ಯವರ್ಧಕಗಳು 3ನೇ ವರ್ಗದಲ್ಲಿ ಬರುತ್ತವೆ. ವೈಯಕ್ತಿಕ ಹೆಸರಲ್ಲಿ ಆನ್‌ಲೈನ್ ಅರ್ಜಿಗೆ 4,500 ರೂಪಾಯಿ. ಹೆಸರು ಬೇರೆಯವರದ್ದಾಗಿದ್ದರೆ 3,000 ಲೇಬಲ್ ರದ್ದಿಗೆ ಹೋಗುತ್ತದೆ, ಹಾಗಾಗಿ ಮುದ್ರಿಸುವ ಮುಂಚೆಯೇ ಹುಡುಕಿ ನೋಡಿ.

ಕೊಬ್ಬರಿ ಎಣ್ಣೆಯ ಆಧಾರದ ಮಾಲಾದರೆ ಇನ್ನೊಂದು ಪರೀಕ್ಷೆ ಮಾಡಿಕೊಂಡೇ ಹೋಗಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ಧಾರವಾಡದ ಡಿಸೆಂಬರ್ ಬೆಳಿಗ್ಗೆ ಅಂದರೆ ಗೊತ್ತಲ್ಲ. ಸಣ್ಣ ಬಾಯಿಯ ಬಾಟಲಿಯಲ್ಲಿ ಹೆಪ್ಪುಗಟ್ಟಿದರೆ ಎಣ್ಣೆ ಹೊರಗೆ ಬರೋದಿಲ್ಲ, ಗಿರಾಕಿ ಅಂಗಡಿಗೆ ವಾಪಸ್ ತರುತ್ತಾರೆ. ಫ್ರಿಜ್ಜಿನಲ್ಲಿ ಒಂದು ರಾತ್ರಿ, ಕಿಟಕಿಯ ಬಿಸಿಲಲ್ಲಿ ಕೆಲವು ವಾರ ಬಾಟಲಿ ಇಟ್ಟು ನೋಡಿ. ಮೂಲಿಕೆಯ ಗಸಿ ತಳ ಸೇರಿತಾ, ಕಮಟು ವಾಸನೆ ಬಂತಾ, ಲೇಬಲ್ ಎಣ್ಣೆ ಹೀರಿ ಏಳುತ್ತದೆಯಾ? ವಾಪಸ್ ಬರುವ ಮಾಲಿಗೆ ಇಟ್ಟ 3 ರೂಪಾಯಿ ಸಾಕಾ ಅಂತ ಆಗಲೇ ತಿಳಿಯುತ್ತದೆ.

ಕೇಳಿದ್ದು 6, ಅವರು "ಸದ್ಯಕ್ಕ 3 ತಗೋ" ಅಂದರೆ? ಎಲ್ಲವನ್ನೂ ಅರ್ಧ ಮಾಡಬೇಡಿ. ಅಂಗಡಿ ಸುತ್ತುವ ಹುಡುಗನನ್ನು ಬಿಟ್ಟು ನೀವೇ ಸುತ್ತಿ, ಹುಬ್ಬಳ್ಳಿ-ಧಾರವಾಡ ಬಿಟ್ಟು ಹೊರಗೆ ಹೋಗಬೇಡಿ, ಮೊದಲ ಸಲ 1,000 ಬಾಟಲಿ ಮಾಡಿಸಿ. ಸಣ್ಣ ಬ್ಯಾಚಿಗೆ ಬಾಟಲಿಗೆ 70 ಬಿದ್ದರೂ 70,000ದಲ್ಲಿ ಮುಗಿಯುತ್ತದೆ. ಲ್ಯಾಬ್ ಪರೀಕ್ಷೆ, ಟ್ರೇಡ್‌ಮಾರ್ಕ್, ಕೈಯಲ್ಲಿ ಇಡುವ ದುಡ್ಡು ಇವನ್ನು ಮಾತ್ರ ಮುಟ್ಟಬೇಡಿ. ಉಳಿದ 3 ಲಕ್ಷ ಯಾವಾಗ ಕೊಡುತ್ತಾರೆ ಅನ್ನುವುದನ್ನು ದಿನಾಂಕಕ್ಕೆ ಕಟ್ಟಬೇಡಿ, ಮಾರಾಟಕ್ಕೆ ಕಟ್ಟಿ. ಸತತ ಎರಡು ತಿಂಗಳು 300 ಬಾಟಲಿಯ ದುಡ್ಡು ಖಾತೆಗೆ ಬಂದ ಮೇಲೆ ಅಂತ ಅದೇ ಹಾಳೆಯ ಕೆಳಗೆ ಬರೆದು ಇಬ್ಬರೂ ಸಹಿ ಮಾಡಿ.